ಸಿಆರ್ ಪ್ರೋಗ್ರಾಂನಲ್ಲಿ ಎಸ್‌ಎಸ್ 304 ಬೆಂಡ್ ಮಾಡಿದರೆ ಏಕೆ 92 ಡಿಗ್ರಿ ಬರುತ್ತದೆ

ಪ್ರೆಸ್ ಬ್ರೇಕ್‌ನಲ್ಲಿ 2 ಮಿಮೀ ಸಿಆರ್, ಅಂದರೆ ಕೋಲ್ಡ್ ರೋಲ್ಡ್ ಉಕ್ಕಿನ ಶೀಟಿನಲ್ಲಿ 50 × 30ರ ಎಲ್ ಬ್ರಾಕೆಟ್ ಸಲೀಸಾಗಿ ಬರುತ್ತಿರುತ್ತದೆ. ಗಿರಾಕಿ ಅದೇ ಬ್ರಾಕೆಟ್ಟನ್ನು ಎಸ್‌ಎಸ್ 304ರಲ್ಲಿ ಕೇಳುತ್ತಾನೆ. ದಪ್ಪ ಅದೇ, ಡೈ ಅದೇ, ಪ್ರೋಗ್ರಾಂ ಅದೇ. ಪೀಸ್ ಹೊರಗೆ ಬಂದಾಗ ಕೋನ 92 ಡಿಗ್ರಿಯ ಆಸುಪಾಸಿನಲ್ಲಿದೆ, ಅಳತೆಯೂ ಮೂರ್ನಾಲ್ಕು ಪಾಯಿಂಟ್, ಅಂದರೆ 0.3–0.4 ಮಿಮೀ ಹೆಚ್ಚು. ಪೀಣ್ಯದಂಥ ಕಡೆ ಪ್ಯಾನೆಲ್ ಬಾಕ್ಸ್, ಬ್ರಾಕೆಟ್ ಮಾಡುವ ಯಾವ ಶಾಪಿನಲ್ಲಾದರೂ ಇದು ಎದುರಾಗುತ್ತದೆ. ಇಲ್ಲಿ ಇರುವುದು ಒಂದು ತಪ್ಪಲ್ಲ, ಎರಡು. ಕೋನದ ತಪ್ಪನ್ನು ಓವರ್‌ಬೆಂಡ್ ಸರಿಮಾಡುತ್ತದೆ, ಉದ್ದದ ತಪ್ಪನ್ನು ಬೆಂಡ್ ಅಲೋವೆನ್ಸ್. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದರೆ ಎರಡೂ ಕೆಡುತ್ತವೆ.

ಮೊದಲು ಕೋನ. ಪಂಚ್ ಒತ್ತಿದಾಗ ಶೀಟಿನ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಈ ಎರಡು ಪದರಗಳು ಮತ್ತೆ ಮೊದಲಿನಂತಾಗುವುದಿಲ್ಲ. ಆದರೆ ನಡುವಿನ ಒಂದು ಪದರ ಇನ್ನೂ ಸ್ಪ್ರಿಂಗಿನ ಹಾಗೆಯೇ ಇರುತ್ತದೆ, ಹೊರ ಒಳ ಪದರಗಳಲ್ಲೂ ಒಂದಿಷ್ಟು ಬಿಗಿ ಉಳಿದಿರುತ್ತದೆ. ಪಂಚ್ ಮೇಲೆದ್ದ ಕೂಡಲೇ ಆ ಬಿಗಿ ಬಿಡುತ್ತದೆ, ಕಾಲುಗಳು ತುಸು ತೆರೆದುಕೊಳ್ಳುತ್ತವೆ. ಅದೇ ಸ್ಪ್ರಿಂಗ್‌ಬ್ಯಾಕ್. ಲೋಹದ ಬಲ ಹೆಚ್ಚಿದಷ್ಟೂ, ದಪ್ಪಕ್ಕೆ ಹೋಲಿಸಿದರೆ ಬೆಂಡಿನ ಒಳ ರೇಡಿಯಸ್ ದೊಡ್ಡದಾದಷ್ಟೂ ಇದು ಹೆಚ್ಚು. 2 ಮಿಮೀ ಸಿಆರ್ 16ರ, ಅಂದರೆ ಬಾಯಿ 16 ಮಿಮೀ ಇರುವ ವಿ ಡೈನಲ್ಲಿ ಅರ್ಧದಿಂದ ಒಂದು ಡಿಗ್ರಿ ಮರಳುತ್ತದೆ. 304 ಎರಡರಿಂದ ಮೂರು ಡಿಗ್ರಿ.

ಇಲ್ಲಿ ಒಂದು ಮಾತು ಗಮನಿಸಬೇಕು. 304ರ ಕನಿಷ್ಠ ಯೀಲ್ಡ್ ಸ್ಟ್ರೆಂತ್ 205 ಎಂಪಿಎ ಎಂದು ಸ್ಟ್ಯಾಂಡರ್ಡಿನಲ್ಲಿದೆ, ಸಾಧಾರಣ ಸಿಆರ್ ಶೀಟಿಗಿಂತ ದೊಡ್ಡ ವ್ಯತ್ಯಾಸವೇನಿಲ್ಲ. ಆ ಸಂಖ್ಯೆ ಹಾಕಿ ಲೆಕ್ಕ ಮಾಡಿದರೆ ಸ್ಪ್ರಿಂಗ್‌ಬ್ಯಾಕ್ ಅರ್ಧ ಡಿಗ್ರಿಯೂ ಬರುವುದಿಲ್ಲ. ಆದರೆ 304 ಬಾಗುತ್ತಿರುವಾಗಲೇ ಗಟ್ಟಿಯಾಗುತ್ತ ಹೋಗುತ್ತದೆ. ಬೆಂಡ್ ಮುಗಿಯುವ ಹೊತ್ತಿಗೆ ಆ ಗೆರೆಯಲ್ಲಿರುವ ಲೋಹ ಸರ್ಟಿಫಿಕೇಟಿನಲ್ಲಿರುವ ಲೋಹವಾಗಿ ಉಳಿದಿರುವುದಿಲ್ಲ. ಆದ್ದರಿಂದ ಸ್ಟೇನ್‌ಲೆಸ್‌ಗೆ ಪುಸ್ತಕದ ಲೆಕ್ಕ ನಂಬಬೇಡಿ, ಟ್ರಯಲ್ ಪೀಸ್ ನಂಬಿ.

ಓವರ್‌ಬೆಂಡ್ ಎಂದರೆ ಎಷ್ಟು ಮರಳುತ್ತದೋ ಅಷ್ಟು ಮುಂಚಿತವಾಗಿ ಹೆಚ್ಚು ಬಾಗಿಸುವುದು. 304 ಎರಡೂವರೆ ಡಿಗ್ರಿ ಮರಳುವುದಾದರೆ ಒಳಕೋನವನ್ನು 87.5ಕ್ಕೆ ಒಯ್ಯಬೇಕು. ಹಾಗೆ ಒಯ್ಯಲು ಡೈನಲ್ಲಿ ಜಾಗ ಇರಬೇಕು. 90 ಡಿಗ್ರಿ ಡೈನಲ್ಲಿ ಶೀಟ್ 90ಕ್ಕೇ ಗೋಡೆ ಮುಟ್ಟಿ ನಿಲ್ಲುತ್ತದೆ, ಏರ್ ಬೆಂಡಿಂಗಿನಲ್ಲಿ ಅದಕ್ಕಿಂತ ಒಳಗೆ ಹೋಗುವುದೇ ಇಲ್ಲ. 88ರ ಡೈ ಸಿಆರ್‌ಗೆ ಸಾಕು, 304ಕ್ಕೆ ಸಾಲದು. 85 ಅಥವಾ ಅದಕ್ಕಿಂತ ಚೂಪಾದ ಡೈ, ಅದಕ್ಕೆ ಹೊಂದುವ ಪಂಚ್ ಹಾಕಬೇಕು. ಇದು ಗೊತ್ತಿಲ್ಲದೆ ಆಪರೇಟರ್ ಟನ್ನೇಜ್ ಏರಿಸುತ್ತ ಹೋದರೆ ಏರ್ ಬೆಂಡಿಂಗ್ ಬಾಟಮಿಂಗ್ ಆಗುತ್ತದೆ, ಅಂದರೆ ಪಂಚ್ ಶೀಟನ್ನು ಡೈನ ಗೋಡೆಗೆ ಒತ್ತಿ ಕೂರಿಸುತ್ತದೆ. 2 ಮಿಮೀ ಸಿಆರ್‌ಗೆ 16ರ ವಿ ಡೈನಲ್ಲಿ ಮೀಟರಿಗೆ ಸುಮಾರು 16–17 ಟನ್ ಬೇಕು, 304ಕ್ಕೆ ಅದರ ಒಂದೂವರೆ ಪಟ್ಟು. ಬಾಟಮಿಂಗಿಗೆ ಅದರ ಹಲವು ಪಟ್ಟು ಬೇಕಾಗುತ್ತದೆ. ಪಂಚಿನ ತುದಿ, ಡೈನ ಅಂಚು ಹೋಗುವುದು ಹೀಗೆಯೇ.

ಇನ್ನು ಕೈ ಎಷ್ಟು ಹಗುರ ಇರಬೇಕು ಎಂಬುದಕ್ಕೆ ಒಂದು ಅಂದಾಜು: 16ರ ವಿ ಡೈನಲ್ಲಿ 90 ಡಿಗ್ರಿಯ ಹತ್ತಿರ ಪಂಚ್ ಸುಮಾರು 0.1 ಮಿಮೀ ಇಳಿದರೆ ಕೋನ ಒಂದು ಡಿಗ್ರಿ ಬದಲಾಗುತ್ತದೆ. ಶೀಟಿನ ದಪ್ಪ 2.00 ಇದ್ದದ್ದು 1.92 ಆದರೂ ಕೋನ ತೆರೆದುಕೊಳ್ಳುತ್ತದೆ. ಬಂಡಲ್ ಬದಲಾದಾಗ ಮೈಕ್ರೋಮೀಟರ್ ಹಿಡಿಯದೆ ಸ್ಪ್ರಿಂಗ್‌ಬ್ಯಾಕನ್ನು ದೂರುವುದು ಸರಿಯಲ್ಲ.

ಈಗ ಉದ್ದ. ಏರ್ ಬೆಂಡಿಂಗಿನಲ್ಲಿ ಒಳ ರೇಡಿಯಸ್ಸನ್ನು ತೀರ್ಮಾನಿಸುವುದು ಪಂಚಿನ ತುದಿಯಲ್ಲ (ತುದಿ ಅದಕ್ಕಿಂತ ಸಣ್ಣದಿರುವ ತನಕ), ಡೈನ ಬಾಯಿ. ಸಿಆರ್‌ಗೆ ಬಾಯಿಯ ಸುಮಾರು 16 ಪ್ರತಿಶತ, 304ಕ್ಕೆ 20–22. ಅಂದರೆ 16ರ ಡೈನಲ್ಲಿ ಸಿಆರ್ ರೇಡಿಯಸ್ 2.6, 304ರದು 3.3 ಮಿಮೀ. ಡ್ರಾಯಿಂಗಿನಲ್ಲಿ R1 ಎಂದಿದ್ದರೂ ಶೀಟಿಗೆ ಅದು ಗೊತ್ತಿಲ್ಲ. ಬೆಂಡ್ ಅಲೋವೆನ್ಸ್ ಎಂದರೆ ಬೆಂಡಿನ ಕಮಾನಿನಲ್ಲಿ ಹಿಗ್ಗದೆ ಕುಗ್ಗದೆ ಉಳಿಯುವ ನ್ಯೂಟ್ರಲ್ ಲೈನಿನ ಉದ್ದ:

```
BA = (π/180) × A × (R + K×T)
```

A ಶೀಟ್ ತಿರುಗಿದ ಕೋನ, R ಒಳ ರೇಡಿಯಸ್, T ದಪ್ಪ, K ಎಂಬುದು ನ್ಯೂಟ್ರಲ್ ಲೈನ್ ಒಳಮೈಯಿಂದ ದಪ್ಪದ ಎಷ್ಟು ಪಾಲು ದೂರದಲ್ಲಿದೆ ಎಂಬುದು. K 0.42 ಇಟ್ಟುಕೊಂಡರೆ ಸಿಆರ್ ಬ್ರಾಕೆಟ್ಟಿಗೆ BA 5.40. ಪ್ರತಿ ಕಾಲಿನಿಂದ ರೇಡಿಯಸ್ 2.6, ದಪ್ಪ 2 ಕಳೆದರೆ ನೇರ ಭಾಗಗಳು 50 − 4.6 ಮತ್ತು 30 − 4.6, ಅಂದರೆ 45.4 ಮತ್ತು 25.4. ಬ್ಲ್ಯಾಂಕ್ ಉದ್ದ 76.20. ಅದೇ ಲೆಕ್ಕ 304ಕ್ಕೆ 3.3 ರೇಡಿಯಸ್‌ನಲ್ಲಿ ಮಾಡಿದರೆ 75.90. ಸಿಆರ್ ಬ್ಲ್ಯಾಂಕನ್ನೇ 304ಕ್ಕೆ ಕತ್ತರಿಸಿದರೆ ಬೆಂಡಿಗೆ 0.3 ಮಿಮೀ ಹೆಚ್ಚುತ್ತದೆ. ಕ್ಯಾಡ್‌ನಲ್ಲಿ ಡಿಫಾಲ್ಟ್ R1 ಬಿಟ್ಟು ತೆಗೆದ ಫ್ಲಾಟ್ ಪ್ಯಾಟರ್ನ್ ಇನ್ನೂ ಕೆಟ್ಟದು: ಸಿಆರ್‌ಗೇ 76.89 ತೋರಿಸುತ್ತದೆ, ಬೆಂಡಿಗೆ 0.7 ಮಿಮೀ ಹೆಚ್ಚು. ಒಂದೇ ಅಗಲದಲ್ಲಿ ನಾಲ್ಕು ಬೆಂಡ್ ಇರುವ ಬಾಗಿಲಾದರೆ ಸುಮಾರು 2.8 ಮಿಮೀ. ಆ ಬಾಗಿಲು ಬಾಕ್ಸಿಗೆ ಕೂರುವುದಿಲ್ಲ.

K ಊಹಿಸುವ ಬದಲು ಅಳೆದುಕೊಳ್ಳುವುದು ಹತ್ತು ನಿಮಿಷದ ಕೆಲಸ. ಅದೇ ಶೀಟಿನಿಂದ ಲೇಸರ್‌ನಲ್ಲಿ 100 × 100ರ ತುಂಡು ಕತ್ತರಿಸಿ, ಬೆಂಡ್ ಮಾಡುವ ಮೊದಲೇ ಉದ್ದವನ್ನು ವರ್ನಿಯರ್‌ನಲ್ಲಿ ನೋಡಿ. ಪ್ರೋಗ್ರಾಂನಲ್ಲಿ 90 ಕೊಟ್ಟು ನಡುವೆ ಬಾಗಿಸಿ, ಪಂಚ್ ಪೂರ್ತಿ ಎತ್ತಿ, ಪೀಸ್ ಹೊರತೆಗೆದು ಪ್ರೊಟ್ರ್ಯಾಕ್ಟರ್ ಇಡಿ. 92.3 ಬಂದರೆ 2.3 ಡಿಗ್ರಿ ಕರೆಕ್ಷನ್ ಕೊಟ್ಟು ಇನ್ನೊಂದು ಹೊಸ ತುಂಡು ಬಾಗಿಸಿ. ಹಳೆಯ ತುಂಡನ್ನೇ ಮತ್ತೆ ಒತ್ತಬೇಡಿ, ಅದು ಆಗಲೇ ಗಟ್ಟಿಯಾಗಿದೆ. ಕೋನ 90ಕ್ಕೆ ಕೂತ ಮೇಲಷ್ಟೇ ಕಾಲುಗಳ ಹೊರ ಅಳತೆ ತೆಗೆಯಿರಿ. ಕೋನ ತೆರೆದಿರುವ ಪೀಸಿನಲ್ಲಿ ಅಳತೆ ತೆಗೆದು ಬ್ಯಾಕ್‌ಗೇಜ್ ತಿದ್ದಿದರೆ, ಆಮೇಲೆ ಕೋನ ಸರಿಯಾದಾಗ ಅಳತೆ ತಪ್ಪುತ್ತದೆ. ಎರಡು ಕಾಲುಗಳ ಮೊತ್ತ 104.10 ಬಂದರೆ ಪ್ರತಿ ಬೆಂಡಿಗೆ ಕಳೆಯಬೇಕಾದದ್ದು 4.10. ರೇಡಿಯಸ್ ಗೇಜ್ 3.3ರ ಹತ್ತಿರ ತೋರಿಸಿದರೆ ಹಿಂದಿನಿಂದ ಲೆಕ್ಕ ಹಾಕಿದಾಗ K 0.42. ಲೋಹ, ದಪ್ಪ, ಡೈ ಬಾಯಿ, ಕರೆಕ್ಷನ್, ಕಳೆಯುವ ಅಳತೆ ಇವಿಷ್ಟನ್ನೂ ಒಂದೇ ಸಾಲಿನಲ್ಲಿ ಬರೆದಿಡಿ. ಡೈ ಬಾಯಿ 16ರಿಂದ 20 ಆದರೆ ಆ ಸಾಲು ಉಪಯೋಗಕ್ಕಿಲ್ಲ, ರೇಡಿಯಸ್ ಬೆಳೆದಿದೆ, ಸ್ಪ್ರಿಂಗ್‌ಬ್ಯಾಕೂ ಬೆಳೆದಿದೆ.

ಇಷ್ಟೆಲ್ಲ ಮಾಡಿಯೂ ಒಂದೇ ಲಾಟಿನಲ್ಲಿ ಕೆಲವು ಪೀಸ್ 90, ಕೆಲವು 91 ಬರುತ್ತಿದ್ದರೆ ನೆಸ್ಟಿಂಗ್ ನೋಡಿ. ಶೀಟ್ ಉಳಿಸಲು ಸಾಫ್ಟ್‌ವೇರ್ ಕೆಲವು ಪೀಸುಗಳನ್ನು ಅಡ್ಡ ತಿರುಗಿಸಿ ಕೂರಿಸಿರುತ್ತದೆ. ರೋಲಿಂಗ್ ಗೆರೆಗೆ ಅಡ್ಡವಾಗಿ ಬಾಗುವ ಪೀಸೂ ಗೆರೆಯುದ್ದಕ್ಕೆ ಬಾಗುವ ಪೀಸೂ ಒಂದೇ ಸಮ ಮರಳುವುದಿಲ್ಲ. ಪಾಲಿಶ್ ಮಾಡದ ಶೀಟಿನಲ್ಲಿ ಬೆಳಕಿಗೆ ಓರೆ ಹಿಡಿದರೆ ಗೆರೆ ಕಾಣುತ್ತದೆ. ನೆಸ್ಟಿಂಗ್‌ನಲ್ಲಿ ತಿರುಗಿಸುವುದನ್ನು 180 ಡಿಗ್ರಿಗೆ ಮಾತ್ರ ಬಿಡಿ, ಆಗದಿದ್ದರೆ ಎರಡು ರಾಶಿ ಬೇರೆ ಮಾಡಿ ಎರಡು ಕರೆಕ್ಷನ್ ಕೊಡಿ.