ಸಿಂಕಿನ ತೂತಿನ ಹತ್ತಿರ ಅಳೆದು ನೋಡಿ

ವಿಜಯನಗರದ ನಮ್ಮ ಮನೆಯಲ್ಲಿ ಸಿಂಕ್ ಸೋರುತ್ತಿದೆ ಅಂತ ಗೊತ್ತಾಗಿದ್ದು ಕೆಳಗಿನ ಪ್ಲೈವುಡ್ ಉಬ್ಬಿಕೊಂಡಾಗ. ಪ್ಲಂಬರ್ ಬಂದು, ಸಿಂಕಿನ ತೂತನ್ನು ಕೆಳಗಿನ ಪೈಪಿಗೆ ಜೋಡಿಸುವ ಕಪ್ಲಿಂಗಿನ ನಟ್ಟು ಇನ್ನೊಂದು ಸುತ್ತು ಬಿಗಿ ಮಾಡಿದರು. ಸೋರುವುದು ಜಾಸ್ತಿಯೇ ಆಯಿತು. ಟಾರ್ಚ್ ಬಿಟ್ಟು, "ನೋಡಿ ಅಕ್ಕಾ, ತೂತಿನ ಸುತ್ತ ತಗಡು ಮಡಚಿಕೊಂಡಿದೆ. ಇದರ ಮೇಲೆ ವಾಷರ್ ಹೆಂಗೆ ಕೂರುತ್ತೆ?" ಅಂದರು. ನಟ್ಟು ಹಿಡಿದೆಳೆಯುವ ಜಾಗದಲ್ಲೇ ತಗಡು ತೆಳುವಾಗಿದ್ದರೆ ಬಿಗಿ ಮಾಡಿದಷ್ಟೂ ಸುಕ್ಕಾಗುತ್ತದೆ, ಆ ಸುಕ್ಕಿನಲ್ಲೇ ನೀರು ದಾರಿ ಮಾಡಿಕೊಳ್ಳುತ್ತದೆ.

ಹೊಸ ಸಿಂಕ್ ತರೋಣ ಅಂತ ಶನಿವಾರ ಅತ್ತೆಯ ಜೊತೆ ಸಿದ್ದಯ್ಯ ರಸ್ತೆಗೆ ಹೋದೆ. ಮಗನ ವರ್ನಿಯರ್ ಕ್ಯಾಲಿಪರ್ ಬ್ಯಾಗಿನಲ್ಲಿತ್ತು. ಅಂಗಡಿಯವರು "1.2 ಎಂಎಂ ಮೇಡಂ" ಅಂತ ಸಿಂಕಿನ ಅಂಚು ಮುಟ್ಟಿಸಿದರು. ಅಂಚಿನಲ್ಲಿ ನಿಜಕ್ಕೂ 1.2 ಇತ್ತು, ಆದರೆ ತೂತಿನ ಅಂಚಿನಲ್ಲಿ 0.8. ಮೇಲಿನ ಪಟ್ಟಿ ಒಂದು ತಗಡು, ಬಟ್ಟಲು ಇನ್ನೊಂದು, ಎರಡಕ್ಕೂ ಬೆಸುಗೆ. ಅವರು ಸುಳ್ಳು ಹೇಳಿರಲಿಲ್ಲ, ಪೂರ್ತಿ ಹೇಳಿರಲಿಲ್ಲ ಅಷ್ಟೇ. ಕೊನೆಗೆ ತೂತಿನ ಹತ್ತಿರವೂ 1 ಎಂಎಂ ಇದ್ದ, 304 ಗ್ರೇಡ್ ಸ್ಟೀಲಿನದು ಸಿಕ್ಕಿತು.

ನನ್ನ ಕಣ್ಣು ಎರಡು ಬಟ್ಟಲಿನದರ ಮೇಲಿತ್ತು. ಅತ್ತೆ ಅದರ ಒಂದು ಬಟ್ಟಲಿನೊಳಗೆ ಮೊಣಕೈವರೆಗೂ ಕೈ ಇಟ್ಟು, "ಇದರಲ್ಲಿ ದೋಸೆ ಹೆಂಚು ತಿರುಗಿಸಿ ತಿಕ್ಕೋಕಾಗತ್ತೇನೇ? ಹಿಡಿ ಗೋಡೆಗೆ ಬಡಿಯತ್ತೆ" ಅಂದರು. ವಾದ ಮುಗಿಯಿತು. 24 ಇಂಚು ಉದ್ದ, 18 ಅಗಲದ ಒಂದೇ ಬಟ್ಟಲು. ಗ್ರಾನೈಟಿನಲ್ಲಿ ಕೊರೆದ ಜಾಗವೂ ಅಷ್ಟೇ ಇತ್ತು.

ಆಳ 10 ಇಂಚಿನದು ಚೆನ್ನಾಗಿ ಕಾಣುತ್ತಿತ್ತು. ದುಡ್ಡು ಕೊಡುವ ಮೊದಲು ಪ್ಲಂಬರಿಗೆ ಫೋನ್ ಮಾಡಿದ್ದು ಒಳ್ಳೆಯದಾಯಿತು. ನಮ್ಮ ಗೋಡೆಯ ಪೈಪು ಕಟ್ಟೆಯಿಂದ 16 ಇಂಚು ಕೆಳಗಿದೆ. ಸಿಂಕ್ 10, ಬುಟ್ಟಿಯ ಕಪ್ಲಿಂಗ್ ಸುಮಾರು 4, ಆಮೇಲೆ ಅದರ ಕೆಳಗಿನ ಬಾಗಿದ ಪೈಪು, ಅಂದರೆ ಟ್ರ್ಯಾಪಿಗೆ ಇನ್ನೂ ಮೂರು ಇಂಚು. ಲೆಕ್ಕ 17ಕ್ಕೆ ಹೋಯಿತು. ನೀರು ಮೇಲಕ್ಕೆ ಹತ್ತುವುದಿಲ್ಲವಲ್ಲ! 8 ಇಂಚಿನದಕ್ಕೆ ಇಳಿದೆವು.

ಹಳೆಯ ಕಪ್ಲಿಂಗ್ ಉಳಿಸೋಣ ಅಂತ ಆಸೆಯಿತ್ತು. ಅದು ಮೂರು ಇಂಚಿನ ತೂತಿನದು, ಹೊಸ ಸಿಂಕಿನದು ನಾಲ್ಕೂವರೆ, ಅಂಗೈ ತೂರುವಷ್ಟು. ಹೊಸದು ತಗೊಳ್ಳದೆ ವಿಧಿಯಿರಲಿಲ್ಲ.

ಭಾನುವಾರ ಪ್ಲಂಬರ್ ಮೇಲಿನ ಬಳೆಯ ಅಡಿಗೆ ಸಿಲಿಕಾನ್ ಹಚ್ಚಿ, ಕೆಳಗಿನಿಂದ ಮೊದಲು ರಬ್ಬರ್ ವಾಷರ್, ಆಮೇಲೆ ಜಾರುವ ಪ್ಲಾಸ್ಟಿಕ್ ವಾಷರ್, ಕೊನೆಗೆ ನಟ್ಟು ಹಾಕಿದರು. ಕೈಯಲ್ಲೇ ಬಿಗಿ ಮಾಡಿ, ಪಾನಾದಿಂದ ಕಾಲು ಸುತ್ತು, ಅಷ್ಟೇ. ಸಿಲಿಕಾನ್ ಒಣಗಲಿ ಅಂತ ಒಂದು ದಿನ ಬಚ್ಚಲಲ್ಲಿ ಪಾತ್ರೆ ತೊಳೆದೆವು. ಮರುದಿನ ಸಂಜೆ ತೂತು ಮುಚ್ಚಿ ಸಿಂಕ್ ತುಂಬ ನೀರು ಹಿಡಿದು ಒಮ್ಮೆಲೇ ಬಿಟ್ಟೆ. ಸುಮ್ಮನೆ ನಲ್ಲಿ ತೆರೆದು ನೋಡಿದರೆ ಸಣ್ಣ ಸೋರಿಕೆ ಕಾಣುವುದಿಲ್ಲ. ಕೆಳಗೆ ಹಾಸಿದ್ದ ಪೇಪರ್ ಒಣಗಿಯೇ ಇತ್ತು. ಪ್ಲೈವುಡ್ ಬದಲಿಸಲು ಬಡಗಿ ಮಾತ್ರ ಇನ್ನೂ ಬಂದಿಲ್ಲ.