ಮುನ್ನೂರಕ್ಕೆ ಐನೂರು ಕೂಡಿದರೆ ಏಳುನೂರು

“ಸರ್, 300 ನ್ಯೂಟನ್‌ಗೆ 500 ನ್ಯೂಟನ್ ಕೂಡಿದ್ರೆ 800 ಅಲ್ವಾ? ಮಧ್ಯೆ 60 ಡಿಗ್ರಿ ಇದ್ರೆ 700 ಅಂತೀರಿ. ಮಿಕ್ಕ 100 ಎಲ್ಲಿ ಹೋಯ್ತು? ಆ 700 ಯಾವ ದಿಕ್ಕಿಗೆ ಎಳೆಯುತ್ತೆ ಅಂತ ಹೇಗೆ ಹೇಳೋದು?”

ಒಂದು ಮಳೆಗಾಲದಲ್ಲಿ ನಮ್ಮ ಭಾವನ ತೋಟದ ಹಲಸಿನ ಮರ ಕಾಲುದಾರಿಗೆ ಅಡ್ಡ ಬಿತ್ತು. ಕೊಂಬೆಗಳನ್ನು ಕಡಿದ ಮೇಲೆ ದಿಮ್ಮಿಯನ್ನು ಎರಡಡಿ ಸರಿಸಿದರೆ ಸಾಕಿತ್ತು. ಆದರೆ ಎಳೆಯುವವರು ನಿಲ್ಲಬೇಕಾದ ಜಾಗದಲ್ಲೇ ಹೊಸದಾಗಿ ನೆಟ್ಟ ಅಡಿಕೆ ಸಸಿ. ಅದನ್ನು ತುಳಿದರೆ ಅಕ್ಕ ಸುಮ್ಮನಿರುತ್ತಿರಲಿಲ್ಲ. ಹಾಗಾಗಿ ದಿಮ್ಮಿಯ ತುದಿಯಲ್ಲಿ ಒಂದೇ ಗಂಟಿಗೆ ಎರಡು ಹಗ್ಗ ಕಟ್ಟಿದೆವು. ಸಸಿಯ ಆ ಕಡೆ ಭಾವ ಮತ್ತು ಕೆಲಸಕ್ಕೆ ಬಂದಿದ್ದ ಹುಡುಗ, ಈ ಕಡೆ ನಾನೊಬ್ಬನೇ. ಅವರ ಹಗ್ಗದಲ್ಲಿ 500 ನ್ಯೂಟನ್, ನನ್ನದರಲ್ಲಿ 300 ಎಂದು ಇಟ್ಟುಕೊಳ್ಳೋಣ. ಯಾರೂ ಅಳೆದಿದ್ದಲ್ಲ, ಲೆಕ್ಕಕ್ಕೆ ಅನುಕೂಲವಾದ ಸಂಖ್ಯೆಗಳು. ಎರಡು ಹಗ್ಗಗಳ ನಡುವೆ 60 ಡಿಗ್ರಿ.

ಈಗ ಸೂತ್ರವನ್ನು ಮರೆತುಬಿಡಿ. ಭಾವನ ಹಗ್ಗದ ಉದ್ದಕ್ಕೇ ನೋಡುತ್ತಾ ನಿಲ್ಲಿ. ಅವರ 500 ಪೂರ್ತಿ ಆ ದಿಕ್ಕಿಗೇ ಇದೆ. ನನ್ನ 300ರಲ್ಲಿ ಆ ದಿಕ್ಕಿಗೆ ಸಿಗುವುದು ಎಷ್ಟು? 300 × cos 60°, ಅಂದರೆ 150. ಅರ್ಧಕ್ಕರ್ಧ. ಹಾಗಂತ ಇನ್ನರ್ಧ ಬೇರೆ ಕಡೆ ಹೋಯಿತು ಎಂದುಕೊಳ್ಳಬೇಡಿ. ಆ ದಿಕ್ಕಿಗೆ ಲಂಬವಾಗಿ, ಅಂದರೆ ನನ್ನ ಪಕ್ಕಕ್ಕೆ, 300 × sin 60° ಸಿಗುತ್ತದೆ. ಅದು ಸುಮಾರು 260. ಎರಡನ್ನೂ ಸೇರಿಸಿದರೆ 410 ಆಗುತ್ತದೆ, 300 ಅಲ್ಲ. ಇಲ್ಲಿ ಮುಖ ಸಿಂಡರಿಸುವವರೂ ಇದ್ದಾರೆ. ಆದರೆ ಲಂಬವಾಗಿರುವ ಎರಡನ್ನು ಸುಮ್ನೆ ಕೂಡಿಸುವ ಹಾಗೇ ಇಲ್ಲ. ಮೂಲೆಯಿಂದ ಮೂಲೆಗೆ ಅಡ್ಡಹಾಯ್ದು ಹೋಗುವ ದಾರಿ ಎರಡು ಬದಿಗಳ ಮೊತ್ತಕ್ಕಿಂತ ಕಡಿಮೆ ಇರುವ ಹಾಗೆಯೇ ಇದು.

ಈಗ ಕೈಯಲ್ಲಿ ಉಳಿದದ್ದು ಎರಡೇ ಸಂಖ್ಯೆ. ಭಾವನ ದಿಕ್ಕಿಗೆ 500 ಮತ್ತು 150 ಸೇರಿ 650. ಅದಕ್ಕೆ ಲಂಬವಾಗಿ 260. ಇವೆರಡರ ನಡುವೆ 90 ಡಿಗ್ರಿ ಇರುವುದರಿಂದ ಪೈಥಾಗೊರಸ್ ಸಾಕು. 650ರ ವರ್ಗಕ್ಕೆ 260ರ ವರ್ಗ ಸೇರಿಸಿ ವರ್ಗಮೂಲ ತೆಗೆದರೆ 700. ಇದಕ್ಕೇ ಫಲಿತ ಬಲ ಎನ್ನುವುದು. ಎರಡು ಹಗ್ಗ ಬಿಚ್ಚಿ, ಅದೇ ಗಂಟಿಗೆ ಒಂದೇ ಹಗ್ಗ ಕಟ್ಟಿ 700ರಲ್ಲಿ ಎಳೆದರೂ ದಿಮ್ಮಿಗೆ ಗೊತ್ತಾಗುವುದಿಲ್ಲ. ಅದು ಎರಡರ ಬದಲಿಗೆ ಬರುವ ಬಲ, ಅವೆರಡರ ಜೊತೆಗೆ ಸೇರುವ ಮೂರನೆಯ ಬಲವಲ್ಲ. ಚಿತ್ರದಲ್ಲಿ ಮೂರನ್ನೂ ಬರೆದು ಮತ್ತೆ ಕೂಡಿಸಿದವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ದಿಕ್ಕಿಗೆ ಹೊಸ ಕೆಲಸ ಏನೂ ಬೇಕಿಲ್ಲ, ಅವೇ ಎರಡು ಸಂಖ್ಯೆ ಅದನ್ನೂ ಹೇಳುತ್ತವೆ. ಮುಂದಕ್ಕೆ 650, ಪಕ್ಕಕ್ಕೆ 260. 260ನ್ನು 650ರಿಂದ ಭಾಗಿಸಿದರೆ 0.4. ಯಾವ ಕೋನದ ಟ್ಯಾನ್ 0.4 ಎಂದು ಕ್ಯಾಲ್ಕುಲೇಟರನ್ನು ಕೇಳಿದರೆ 21.8 ಡಿಗ್ರಿ ಎನ್ನುತ್ತದೆ. ಈ 21.8 ಭಾವನ ಹಗ್ಗದಿಂದ ನನ್ನ ಕಡೆಗೆ. ನನ್ನ ಹಗ್ಗದಿಂದ ಅಳೆದರೆ ಉಳಿದ 38.2. ಜಾಸ್ತಿ ಬಲ ಇರುವ ಕಡೆಗೇ ಫಲಿತ ಬಲ ವಾಲುತ್ತದೆ. ನಿಮ್ಮ ಉತ್ತರ ಸಣ್ಣ ಬಲದ ಕಡೆ ವಾಲಿದ್ದರೆ ಲೆಕ್ಕವನ್ನು ಮತ್ತೆ ನೋಡದೆ ಬೇರೆ ದಾರಿಯಿಲ್ಲ. “ಉತ್ತರ: 700 ನ್ಯೂಟನ್, 21.8 ಡಿಗ್ರಿ” ಎಂದಷ್ಟೇ ಬರೆದರೆ ನಾನು ಅರ್ಧ ಅಂಕ ಕಡಿಯುತ್ತೇನೆ. ಯಾವುದರಿಂದ 21.8? ಅದನ್ನು ಹೇಳದಿದ್ದರೆ ಅದು ದಿಕ್ಕೇ ಅಲ್ಲ.

ಆ ನೂರರ ವಿಷಯಕ್ಕೆ ಬರುತ್ತೇನೆ. ಈ ಸಲ ಭಾವನ ಹಗ್ಗದ ಉದ್ದಕ್ಕೆ ನಿಲ್ಲುವುದು ಬೇಡ, ದಿಮ್ಮಿ ಎಳೆಸಿಕೊಳ್ಳುವ ದಿಕ್ಕಿಗೇ ಮುಖ ಮಾಡಿ. ಅಲ್ಲಿಂದ ನೋಡಿದರೆ ಭಾವನ 500ರಲ್ಲಿ ಮುಂದಕ್ಕೆ ಸಿಗುವುದು 464. ನನ್ನ 300ರಲ್ಲಿ 236. ಕೂಡಿಸಿ, ಸರಿಯಾಗಿ 700. ಪಕ್ಕಕ್ಕೆ? ಭಾವ ತನ್ನ ಕಡೆಗೆ 186 ಎಳೆಯುತ್ತಿದ್ದಾರೆ, ನಾನು ನನ್ನ ಕಡೆಗೆ ಅಷ್ಟೇ 186. ಒಂದನ್ನೊಂದು ಹೊಡೆದುಹಾಕಿದವು. ನಾವಿಬ್ಬರೂ ಬೆವರು ಸುರಿಸಿದ್ದರಲ್ಲಿ ಒಂದು ಪಾಲು ದಿಮ್ಮಿಗೆ ಹೋಗಲೇ ಇಲ್ಲ. ಗಂಟಿನ ಮೂಲಕ ಒಬ್ಬರನ್ನೊಬ್ಬರು ಎಳೆದುಕೊಂಡೆವು, ಅಷ್ಟೇ. ನಡುವಿನ ಕೋನ ಹೆಚ್ಚಿದಷ್ಟೂ ಈ ಹಗ್ಗಜಗ್ಗಾಟ ಹೆಚ್ಚು. ಕೋನ 30 ಡಿಗ್ರಿ ಇದ್ದಿದ್ದರೆ 774 ಸಿಗುತ್ತಿತ್ತು. 90 ಆಗಿದ್ದರೆ 583 ಮಾತ್ರ. 150ಕ್ಕೆ ಹೋದರೆ 283, ಅಂದರೆ ನಾನೊಬ್ಬನೇ ಎಳೆಯುವುದಕ್ಕಿಂತಲೂ ಕಡಿಮೆ! ಇದನ್ನು ಹೇಳಿದರೆ ಭಾವ ಈಗಲೂ ನಂಬುವುದಿಲ್ಲ.

ಇನ್ನು ಪುಸ್ತಕದ ಸೂತ್ರ. ನಾವು ಮಾಡಿದ ಕೆಲಸವನ್ನೇ ಅಕ್ಷರದಲ್ಲಿ ಬರೆದರೆ ಹೀಗಾಗುತ್ತದೆ. P ಎಂದರೆ 500, Q ಎಂದರೆ 300, R ಎಂದರೆ ಫಲಿತ ಬಲ, θ ಎಂದರೆ ನಡುವಿನ ಕೋನ, α ಎಂದರೆ P ಇಂದ ಫಲಿತ ಬಲಕ್ಕಿರುವ ಕೋನ.

```
R² = P² + Q² + 2PQ cos θ
tan α = Q sin θ / (P + Q cos θ)
```

ಗಣಿತದ ತರಗತಿಯಲ್ಲಿ ತ್ರಿಕೋನದ ಕೊಸೈನ್ ನಿಯಮ ಕಲಿತವರು ಇಲ್ಲಿ ತಕರಾರು ತೆಗೆಯುತ್ತಾರೆ. ಅಲ್ಲಿ ಮೈನಸ್, ಇಲ್ಲಿ ಪ್ಲಸ್. ತಕರಾರು ನ್ಯಾಯವಾದದ್ದೇ. ಉತ್ತರಕ್ಕೆ ಪೆನ್ಸಿಲ್ ಹಿಡಿಯಬೇಕು. 100 ನ್ಯೂಟನ್‌ಗೆ ಒಂದು ಸೆಂಟಿಮೀಟರ್ ಎಂದಿಟ್ಟುಕೊಂಡು 5 ಸೆಂಟಿಮೀಟರಿನ ಗೆರೆ ಎಳೆಯಿರಿ. ಅದು ಶುರುವಾದ ಬಿಂದುವಿನಿಂದಲೇ 60 ಡಿಗ್ರಿಗೆ 3 ಸೆಂಟಿಮೀಟರಿನ ಇನ್ನೊಂದು ಗೆರೆ. ಈಗ ಆ 3ರ ಗೆರೆಯನ್ನು ಓರೆಯಾಗಿಸದೆ ಹಾಗೇ ಜಾರಿಸಿ, ಅದರ ಬುಡವನ್ನು 5ರ ಗೆರೆಯ ತುದಿಗೆ ಕೂರಿಸಿ. ಶುರುವಿನ ಬಿಂದುವಿನಿಂದ ಕೊನೆಯ ತುದಿಗೆ ಸ್ಕೇಲ್ ಇಟ್ಟರೆ 7 ಸೆಂಟಿಮೀಟರ್ ಬರುತ್ತದೆ. ಈಗ ಆ ತ್ರಿಕೋನದ ಒಳಗಿನ ಕೋನ ನೋಡಿ. ಅದು 60 ಅಲ್ಲ, 120. ಗೆರೆ ಜಾರಿಸಿದಾಗ ಒಳಕೋನ 180ರಿಂದ θ ಕಳೆದಷ್ಟಾಯಿತು. ಅದರ ಕೊಸೈನ್ ಋಣ ಸಂಖ್ಯೆ. ಮೈನಸ್ಸಿಗೆ ಮೈನಸ್ ಸೇರಿ ಪ್ಲಸ್. ಎರಡೂ ಒಂದೇ ನಿಯಮ, ಕೋನ ಅಳೆಯುವ ಜಾಗ ಮಾತ್ರ ಬೇರೆ.

ಎರಡು ತುದಿಗಳನ್ನು ಸೇರಿಸುವ ಗೆರೆಯನ್ನೇ ಉತ್ತರ ಎಂದುಕೊಳ್ಳುವುದು ಇಲ್ಲಿ ಆಗುವ ದೊಡ್ಡ ತಪ್ಪು. ಸಮಾಂತರ ಚತುರ್ಭುಜಕ್ಕೆ ಎರಡು ಕರ್ಣ. ಗಂಟಿನಿಂದ ಹೊರಡುವ ಕರ್ಣ ನಮಗೆ ಬೇಕಾದದ್ದು. ಇನ್ನೊಂದನ್ನು ಅಳೆದರೆ 4.4 ಸೆಂಟಿಮೀಟರ್ ಬರುತ್ತದೆ. ಅದು ಒಂದು ಬಲದಿಂದ ಇನ್ನೊಂದನ್ನು ಕಳೆದ ಲೆಕ್ಕ. 60 ಡಿಗ್ರಿಯಲ್ಲಿ, ಇಬ್ಬರೂ ಹೆಚ್ಚುಕಡಿಮೆ ಒಂದೇ ಕಡೆ ಎಳೆಯುವಾಗ, ಉತ್ತರ ಒಬ್ಬರ 500ಕ್ಕಿಂತ ಕಡಿಮೆ ಬಂದರೆ ಅಲ್ಲೇ ಅನುಮಾನ ಬರಬೇಕು.

ಕ್ಯಾಲ್ಕುಲೇಟರ್ ಕೂಡ ಒಂದು ಕಡೆ ಕೈಕೊಡುತ್ತದೆ. 150 ಡಿಗ್ರಿಯ ಲೆಕ್ಕವನ್ನು ನನ್ನ ಹಗ್ಗದಿಂದ ಶುರು ಮಾಡಿ. ನನ್ನ ದಿಕ್ಕಿಗೆ ಭಾವನ 500ರ ಪಾಲು ಮೈನಸ್ 433. ನನ್ನ 300 ಸೇರಿದರೆ ಮೈನಸ್ 133. ಪಕ್ಕಕ್ಕೆ 250. ಭಾಗಿಸಿ ಟ್ಯಾನ್ ಹಿಂತಿರುಗಿಸಿದರೆ ಪರದೆಯಲ್ಲಿ ಮೈನಸ್ 62 ಡಿಗ್ರಿ. ಅದನ್ನೇ ಬರೆದರೆ ಭಾವ ಇಲ್ಲದ ಕಡೆಗೆ ದಿಮ್ಮಿಯನ್ನು ಎಳೆದಂತಾಯಿತು. ಭಾಗಿಸಿದ ಮೇಲೆ ಮೈನಸ್ ಮೇಲಿತ್ತೋ ಕೆಳಗಿತ್ತೋ ಎಂದು ಕ್ಯಾಲ್ಕುಲೇಟರಿಗೆ ಗೊತ್ತಾಗುವುದಿಲ್ಲ. ನಮಗೆ ಗೊತ್ತಿದೆ, ಮೈನಸ್ ಇರುವುದು ಕೆಳಗಿನ 133ಕ್ಕೆ. ಆಗ 180 ಸೇರಿಸಬೇಕು. ನಿಜವಾದ ಕೋನ ನನ್ನ ಹಗ್ಗದಿಂದ ಭಾವನ ಕಡೆಗೆ 118 ಡಿಗ್ರಿ. ದೊಡ್ಡ ಬಲದಿಂದಲೇ ಕೋನ ಅಳೆಯುವ ಅಭ್ಯಾಸ ಇದ್ದರೆ ಈ ಗೋಳೇ ಇಲ್ಲ. 500ರಿಂದ ಎಷ್ಟೇ ಕಳೆದರೂ 300ರ ಪಾಲು ಅದನ್ನು ಸೊನ್ನೆಗಿಂತ ಕೆಳಗೆ ಇಳಿಸಲಾರದು.

ಇಷ್ಟೆಲ್ಲ ಕಾಗದದ ಮೇಲೆ. ಕಣ್ಣಾರೆ ನೋಡಬೇಕೆಂದರೆ ಪ್ರಯೋಗಾಲಯದ ಆ ಹಳೆಯ ಮರದ ಹಲಗೆ ಸಾಕು. ನೆಟ್ಟಗೆ ನಿಂತ ಹಲಗೆ, ಮೇಲೆ ಎರಡು ರಾಟೆ. ಮೂರು ದಾರಗಳನ್ನು ಒಂದು ಗಂಟಿಗೆ ಕಟ್ಟಿ, ರಾಟೆಗಳ ಮೇಲಿಂದ 300 ಗ್ರಾಂ ಮತ್ತು 500 ಗ್ರಾಂ ಇಳಿಬಿಡಿ, ನಡುವೆ 700 ಗ್ರಾಂ. ಗಂಟು ಓಲಾಡಿ ಒಂದು ಕಡೆ ನಿಲ್ಲುತ್ತದೆ. ಮೇಲಿನ ಎರಡು ದಾರಗಳ ನಡುವೆ ಕೋನಮಾಪಕ ಇಡಿ. 60 ಡಿಗ್ರಿ. ಯಾರೂ ಹೊಂದಿಸಲಿಲ್ಲ, ಮೂರು ತೂಕಗಳೇ ಹುಡುಕಿಕೊಂಡವು. ನಡುವಿನ 700 ಕೆಳಕ್ಕೆ ಎಳೆಯುತ್ತಿದೆ ಎಂದರೆ ಮೇಲಿನ ಎರಡು ಸೇರಿ ನೆಟ್ಟಗೆ ಮೇಲಕ್ಕೆ 700 ಎಳೆಯುತ್ತಿವೆ ಎಂದೇ ಅರ್ಥ.

ಗಂಟನ್ನು ಬೆರಳಿನಿಂದ ಸ್ವಲ್ಪ ಸರಿಸಿ ಬಿಡಿ. ಅದೇ ಜಾಗಕ್ಕೆ ಮರಳಿದರೆ ಒಳ್ಳೆಯದು. ಪ್ರತಿ ಸಲ ಬೇರೆ ಬೇರೆ ಕಡೆ ನಿಂತರೆ ರಾಟೆ ಬಿಗಿಯಾಗಿದೆ, ಎಣ್ಣೆ ಬೇಕು. ತೂಕ ಹಲಗೆಗೆ ತಾಗುತ್ತಿದ್ದರೂ ಹೀಗೇ ಆಗುತ್ತದೆ. ದಾರದ ಜಾಡನ್ನು ಕಾಗದದ ಮೇಲೆ ಗುರುತಿಸುವಾಗ ಹಿಂದೆ ಕನ್ನಡಿಯ ತುಂಡು ಇಟ್ಟು, ದಾರ ಮತ್ತು ಅದರ ಬಿಂಬ ಒಂದಾಗುವ ಹಾಗೆ ನೋಡಿ ಚುಕ್ಕೆ ಇಡಬೇಕು. ಓರೆಯಿಂದ ನೋಡಿದರೆ ಒಂದೆರಡು ಡಿಗ್ರಿ ಹೋಯಿತು.

ಒಂದು ವರ್ಷ ಒಬ್ಬ ಹುಡುಗ ಇದೆಲ್ಲವನ್ನೂ ಸರಿಯಾಗಿ ಮಾಡಿದ್ದ. ಆದರೂ ಅವನ ಕೋನ 69 ಡಿಗ್ರಿ. 3 ಮತ್ತು 5 ಸೆಂಟಿಮೀಟರಿನ ಗೆರೆಗಳಿಂದ ಚಿತ್ರ ಬರೆದರೆ ಕರ್ಣ 6.7. ಎರಡನೇ ಸಲವೂ ಅಷ್ಟೇ, ಮೂರನೇ ಸಲವೂ ಅಷ್ಟೇ. ಪ್ರತಿ ಸಲ ಒಂದೇ ತಪ್ಪು ಉತ್ತರ ಬರುತ್ತಿದೆ ಎಂದರೆ ರಾಟೆಯ ದೋಷ ಅಲ್ಲ. “ತೂಕದ ಬಿಲ್ಲೆಗಳನ್ನು ಎಣಿಸಿದೆಯಾ?” ಎಂದೆ. “ಹೂಂ ಸರ್, 300, 500, 700.” “ಬಿಲ್ಲೆ ಕೂರಿಸುವ ಹ್ಯಾಂಗರ್?” ಅವನು ನಾಲಿಗೆ ಕಚ್ಚಿಕೊಂಡ. ಒಂದೊಂದು ಹ್ಯಾಂಗರೂ 50 ಗ್ರಾಂ. ದಾರಗಳಿಗೆ ಗೊತ್ತಿದ್ದದ್ದು 350, 550, 750. ಆ ಮೂರಕ್ಕೆ ಲೆಕ್ಕ ಹಾಕಿದರೆ ಕೋನ ಸರಿಯಾಗಿ 69 ಡಿಗ್ರಿ ಬರುತ್ತದೆ.