ರಬ್ಬರ್ ಮರದ ಎರಡು ಫೋಟೋ, ನಾನು ಕೊಟ್ಟ ತಪ್ಪು ಉತ್ತರ

ನನ್ನ ಕೆಲಸದಲ್ಲಿ ಅರ್ಧ ದಿನ ಫೋಟೋ ನೋಡುವುದರಲ್ಲೇ ಹೋಗುತ್ತದೆ. ರಬ್ಬರ್ ತೋಟದವರು ಮರದ ಬುಡದ ಫೋಟೋ, ತಲೆಯ ಫೋಟೋ ಕಳಿಸುತ್ತಾರೆ. ಏನಾಗಿದೆ, ಏನು ಮಾಡಬೇಕು ಅಂತ ನಾನು ಹೇಳಬೇಕು. ಎಲ್ಲ ತೋಟಕ್ಕೂ ಹೋಗಲು ಆಗುವುದಿಲ್ಲ, ಅದಕ್ಕೆ ಈ ವ್ಯವಸ್ಥೆ. ಒಮ್ಮೆ ನಾನು ಫೋಟೋ ನೋಡಿ ತಪ್ಪು ಹೇಳಿದೆ. ಅದರಿಂದ ಎರಡು ವಾರ ಹಾಳಾಯಿತು, ಕೆಲವು ಮರಗಳಿಗೆ ಆ ಎರಡು ವಾರ ತುಂಬಾ ದುಬಾರಿಯಾಯಿತು. ಅದನ್ನೇ ಬರೆಯುತ್ತಿದ್ದೇನೆ.

ತೋಟದ ಮ್ಯಾನೇಜರ್ ಕಳಿಸಿದ ಮೆಸೇಜ್ ಹೀಗಿತ್ತು: "ಎಲೆ ಎಲ್ಲಾ ಉದುರಿದೆ ಸಾರ್, ಹಾಲು ನಿಲ್ತಾ ಇದೆ. ಯಾವ ಔಷಧಿ ಹೊಡೀಬೇಕು?" ಜೊತೆಗೆ ಹತ್ತು ಹನ್ನೆರಡು ಫೋಟೋ. ಅರ್ಧದಷ್ಟು ಕೆಳಗೆ ನಿಂತು ಮೇಲಕ್ಕೆ ಹಿಡಿದು ತೆಗೆದವು. ಆಕಾಶ ಬೆಳ್ಳಗೆ, ರೆಂಬೆಗಳು ಕಪ್ಪಗೆ, ತುದಿಯಲ್ಲಿ ಜೋತುಬಿದ್ದ ಸಣ್ಣ ಎಲೆಗಳು. ಉಳಿದವು ಟ್ಯಾಪಿಂಗ್ ಪ್ಯಾನೆಲ್‌ನ, ಅಂದರೆ ಹಾಲಿಗಾಗಿ ತೊಗಟೆ ಕೊಯ್ಯುವ ಜಾಗದ ಫೋಟೋಗಳು, ಕೊಯ್ದ ಗೆರೆಯಲ್ಲಿ ಹಾಲಿಲ್ಲ. ಆಗ ಮರ ಹಳೆ ಎಲೆ ಕಳಚಿ ಹೊಸ ಎಲೆ ಬಿಡುವ ಕಾಲ. ಎಳೆ ಎಲೆಗೆ ಬೂದಿ ರೋಗ ಬರುವುದೂ ಅದೇ ಹೊತ್ತಿಗೆ. ನಾನು ಹೆಚ್ಚು ಯೋಚಿಸಲಿಲ್ಲ. ಬೂದಿ ರೋಗ, ಎಲೆ ಹೋದದ್ದಕ್ಕೆ ಹಾಲು ಕಮ್ಮಿ, ಗಂಧಕದ ಪುಡಿ ಹೊಡೆಸಿ ಅಂದೆ. ಟ್ಯಾಪಿಂಗ್ ಹೇಗೆ ನಡೆಯುತ್ತಿದೆ ಅಂತ ಒಂದು ಮಾತು ಕೇಳಲಿಲ್ಲ.

ಎರಡು ವಾರ ಕಳೆದ ಮೇಲೆ ಮತ್ತೆ ಮೆಸೇಜ್ ಬಂತು. ಎಲೆ ತುಂಬಿಕೊಳ್ಳುತ್ತಿದೆ, ಆದರೆ ಹಾಲು ನಿಂತ ಮರ ಜಾಸ್ತಿ ಆಗಿವೆ ಅಂತ. ಆಗ ಮೊದಲಿನ ಫೋಟೋಗಳನ್ನೇ ಮತ್ತೆ ತೆಗೆದು, ದೊಡ್ಡದು ಮಾಡಿ, ನಿಧಾನವಾಗಿ ನೋಡಿದೆ.

ತಲೆಯ ಫೋಟೋದಲ್ಲಿ ನಾನು ಬಾಡಿದ ಎಲೆ ಅಂದುಕೊಂಡದ್ದು ಬಾಡಿದ್ದೇ ಅಲ್ಲ. ರಬ್ಬರಿನ ಹೊಸ ಎಲೆ ಹುಟ್ಟುವಾಗ ತಾಮ್ರದ ಬಣ್ಣ ಇರುತ್ತದೆ, ಮೆತ್ತಗೆ ಕೆಳಕ್ಕೆ ಜೋತುಬಿದ್ದಿರುತ್ತದೆ. ಆಮೇಲೆ ತಿಳಿ ಹಸಿರಾಗಿ, ಗಟ್ಟಿಯಾಗಿ, ಅಗಲಿಸಿ ನಿಲ್ಲುತ್ತದೆ. ಅದು ಆರೋಗ್ಯವಂತ ಮರದ ಲಕ್ಷಣ. ಬೂದಿ ರೋಗ ಜೋರಾಗಿದ್ದರೆ ಬೇರೆ ಥರ ಕಾಣುತ್ತದೆ. ಎಳೆ ಎಲೆಯ ಮೂರು ದಳಗಳು ಸುರುಟಿ ಉದುರಿಹೋಗಿ, ತೊಟ್ಟು ಮಾತ್ರ ಕೆಲವು ದಿನ ರೆಂಬೆಯ ತುದಿಯಲ್ಲೇ ನಿಂತಿರುತ್ತದೆ. ದೂರದಿಂದ ನೋಡಿದರೆ ಪೊರಕೆ ಕಡ್ಡಿ ಸಿಕ್ಕಿಸಿದ ಹಾಗೆ. ಆ ಫೋಟೋಗಳಲ್ಲಿ ಬರೀ ತೊಟ್ಟು ನಿಂತ ಒಂದು ರೆಂಬೆಯೂ ಇರಲಿಲ್ಲ. ಜೊತೆಗೆ ಫೋನಿನ ಕ್ಯಾಮೆರಾ ಬೆಳ್ಳನೆಯ ಆಕಾಶದ ಮುಂದೆ ತೆಳ್ಳನೆ ಎಳೆ ಎಲೆಯನ್ನು ನುಂಗಿಬಿಟ್ಟಿತ್ತು. ಇದ್ದ ಎಲೆಯಲ್ಲಿ ಅರ್ಧ ನನಗೆ ಕಂಡೇ ಇರಲಿಲ್ಲ.

ಇದಾದ ಮೇಲೆ ನಾನು ತಲೆಯ ಫೋಟೋ ಒಂದನ್ನೇ ನೋಡಿ ಎಲೆ ಉದುರುವುದರ ಬಗ್ಗೆ ಮಾತಾಡುವುದಿಲ್ಲ. ನೆಲದ ಮೇಲೆ ಬಿದ್ದ ಎಲೆಯ ಹತ್ತಿರದ ಫೋಟೋ ಬೇಕೇ ಬೇಕು, ಅದರಲ್ಲೂ ತೊಟ್ಟು ಕಾಣಬೇಕು. ತಾನಾಗಿ ಕಳಚಿದ ಎಲೆ ಹಳದಿ ಅಥವಾ ಕೆಂಪಗೆ ಮಾಗಿ ಬಿದ್ದಿರುತ್ತದೆ, ತೊಟ್ಟು ಸ್ವಚ್ಛ. ಮಳೆಗಾಲದ ಫೈಟಾಪ್ತೊರಾ ರೋಗದಲ್ಲಿ ಎಲೆ ಹಸಿರು ಇರುವಾಗಲೇ ಬೀಳುತ್ತದೆ. ತೊಟ್ಟಿನ ಮೇಲೆ ಕಪ್ಪು ಮಚ್ಚೆ, ಮಚ್ಚೆಯ ನಡುವೆ ಹೆಪ್ಪುಗಟ್ಟಿದ ಬಿಳಿ ಹಾಲಿನ ಬೊಟ್ಟು. ಆ ಬಿಳಿ ಬೊಟ್ಟು ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಮರೆಯುವುದಿಲ್ಲ. ಈ ತೋಟದ ನೆಲದ ಫೋಟೋ ತರಿಸಿದಾಗ ಅಂಥದ್ದು ಒಂದೂ ಇರಲಿಲ್ಲ. ಹಳೆ ಎಲೆ, ಮಾಗಿ ಬಿದ್ದದ್ದು, ಅಷ್ಟೇ.

ಹಾಗಾದರೆ ಪ್ಯಾನೆಲ್ ಯಾಕೆ ಒಣಗಿತು?

ಮೊದಲು ಒಣಗಿದೆಯಾ ಅಂತಲೇ ಖಾತ್ರಿ ಮಾಡಿಕೊಳ್ಳಬೇಕಿತ್ತು. ಮೊದಲ ಫೋಟೋಗಳನ್ನು ಮಧ್ಯಾಹ್ನ ತೆಗೆದಿದ್ದರು. ಟ್ಯಾಪಿಂಗ್ ಬೆಳಗಿನ ಜಾವ ಆಗುತ್ತದೆ, ಸಾಮಾನ್ಯವಾಗಿ ಕೆಲವು ಗಂಟೆಯಲ್ಲಿ ಹಾಲು ತಾನಾಗಿ ನಿಲ್ಲುತ್ತದೆ, ಗೆರೆಯ ಮೇಲೆ ತೆಳ್ಳನೆ ರಬ್ಬರ್ ಪಟ್ಟಿ ಕೂತಿರುತ್ತದೆ. ಮಧ್ಯಾಹ್ನದ ಫೋಟೋದಲ್ಲಿ ಚೆನ್ನಾಗಿ ಹಾಲು ಕೊಟ್ಟ ಮರವೂ ಒಣಗಿದ ಹಾಗೇ ಕಾಣುತ್ತದೆ. ಕೊಯ್ದ ಹತ್ತು ನಿಮಿಷದೊಳಗೆ, ಪೂರ್ತಿ ಗೆರೆ ಕಾಣುವ ಹಾಗೆ, ಪಕ್ಕದಲ್ಲಿ ಸ್ಕೇಲ್ ಹಿಡಿದು ತೆಗೆಯಿರಿ ಅಂದೆ. ಮಾರನೇ ದಿನ ಒಂದೇ ಸಾಲಿನ 32 ಮರಗಳ ಫೋಟೋ ಬಂತು. 9 ಮರಗಳಲ್ಲಿ ಬಿಳಿ ಗೆರೆ ನಡುನಡುವೆ ತುಂಡಾಗಿತ್ತು. ಎರಡರಲ್ಲಿ ಪೂರ್ತಿ ಗೆರೆಯೇ ಒಣಗಿ, ಕಂದು ಬಣ್ಣದ ಹಸಿ ತೊಗಟೆ ಮಾತ್ರ ಕಾಣುತ್ತಿತ್ತು.

ಉತ್ತರ ಸಿಕ್ಕಿದ್ದು ಗೆರೆಯಲ್ಲಿ ಅಲ್ಲ, ಗೆರೆಯ ಮೇಲಿನ ಭಾಗದಲ್ಲಿ. ಆ ತೋಟದಲ್ಲಿ ಒಳ್ಳೆ ಪದ್ಧತಿ ಒಂದಿತ್ತು. ಪ್ರತಿ ತಿಂಗಳು ಮೊದಲ ಟ್ಯಾಪಿಂಗ್ ದಿನ ಪ್ಯಾನೆಲ್ ಪಕ್ಕದಲ್ಲಿ ಒಂದು ಗೀಟು ಹಾಕುತ್ತಿದ್ದರು. ಹಾಗಾಗಿ ಪ್ಯಾನೆಲ್ ಅನ್ನೋದು ಡೈರಿ ಇದ್ದ ಹಾಗೆ. ಹಳೆ ಗೀಟುಗಳ ನಡುವಿನ ಅಂತರ ಎರಡು ಸೆಂಟಿಮೀಟರಿಗಿಂತ ಕಮ್ಮಿ. ಕೊನೆಯ ಮೂರು ಗೀಟುಗಳ ನಡುವೆ ಒಂದೊಂದು ಅಂತರವೂ ಸ್ಕೇಲಿನಲ್ಲಿ ನಾಲ್ಕು ಸೆಂಟಿಮೀಟರಿಗಿಂತ ಜಾಸ್ತಿ.

ಲೆಕ್ಕ ಸುಲಭ. ಒಂದು ಸಲ ಕೊಯ್ದರೆ ಸುಮಾರು ಒಂದೂವರೆ ಮಿಲಿಮೀಟರ್ ತೊಗಟೆ ಹೋಗುತ್ತದೆ. ಮೂರು ದಿನಕ್ಕೊಮ್ಮೆ ಅಂದರೆ ತಿಂಗಳಿಗೆ ಹತ್ತು ಸಲ, ಒಂದೂವರೆ ಸೆಂಟಿಮೀಟರ್, ಸ್ವಲ್ಪ ಹೆಚ್ಚು ಕಮ್ಮಿ ಆದರೆ ಎರಡು. ನಾಲ್ಕು ದಾಟಿದೆ ಅಂದರೆ ಒಂದೋ ಸಿಪ್ಪೆ ದಪ್ಪ ತೆಗೆಯುತ್ತಿದ್ದಾರೆ, ಇಲ್ಲ ಸಲದ ಲೆಕ್ಕ ಹೆಚ್ಚಿದೆ. ಬುಡದಲ್ಲಿ ಬಿದ್ದ ಸಿಪ್ಪೆಯನ್ನು ಸ್ಕೇಲ್ ಮೇಲೆ ಇಟ್ಟು ಫೋಟೋ ಕಳಿಸಿ ಅಂದೆ. ಸಿಪ್ಪೆ ತೆಳ್ಳಗೇ ಇತ್ತು, ಟ್ಯಾಪರ್ ಕೈ ಚೆನ್ನಾಗಿತ್ತು. ಹಾಗಾದರೆ ತಿಂಗಳಿಗೆ 25ಕ್ಕಿಂತ ಹೆಚ್ಚು ಸಲ ಕೊಯ್ದಿದ್ದಾರೆ. ಫೋನ್ ಮಾಡಿ ನೇರವಾಗಿ ಕೇಳಿದೆ. ಮ್ಯಾನೇಜರ್ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಮಳೆಗಾಲದಲ್ಲಿ ತುಂಬಾ ದಿನ ತಪ್ಪಿತ್ತು ಸಾರ್. ಅದನ್ನ ತುಂಬಿಸೋಕೆ ದಿನಾ ಕೊಯ್ತಾ ಇದ್ವಿ. ಎಲೆ ಉದುರಿದಾಗಲೂ ನಿಲ್ಸಿಲ್ಲ."

ಇಲ್ಲಿ ಎಲೆಗೂ ಪ್ಯಾನೆಲ್‌ಗೂ ಇರುವ ನಂಟು ನಾನು ಹೇಳಿದ್ದಕ್ಕಿಂತ ಬೇರೆ. ರಬ್ಬರ್ ಹಾಲು ತಯಾರಾಗುವುದು ಎಲೆ ಮಾಡಿದ ಸಕ್ಕರೆಯಿಂದ. ಹೊಸ ಎಲೆ ಬರುವಾಗ ಮರ ಕೂಡಿಟ್ಟ ಆಹಾರವನ್ನೆಲ್ಲ ಆ ಎಲೆಗೇ ಸುರಿಯುತ್ತಿರುತ್ತದೆ. ಅದೇ ಹೊತ್ತಿಗೆ ದಿನಾ ಕೊಯ್ದರೆ ತೊಗಟೆಯ ಹಾಲಿನ ನಾಳಗಳು ಮತ್ತೆ ತುಂಬಿಕೊಳ್ಳಲು ಬಿಡುವೇ ಸಿಗುವುದಿಲ್ಲ. ಮೊದಲು ಹಾಲು ನೀರಾಗುತ್ತದೆ. ಆಮೇಲೆ ನಾಳದೊಳಗೇ ಹೆಪ್ಪುಗಟ್ಟಿ ಅಲ್ಲಲ್ಲಿ ನಿಲ್ಲುತ್ತದೆ. ಎಲೆ ಉದುರಿದ್ದಕ್ಕೇ ಪ್ಯಾನೆಲ್ ಒಣಗುವುದಿಲ್ಲ, ಎಲೆ ಇಲ್ಲದ ಮರವನ್ನು ಬಿಡದೆ ಕೊಯ್ದರೆ ಒಣಗುವ ಸಂಭವ ಹೆಚ್ಚು.

ನನ್ನನ್ನು ಇವತ್ತಿಗೂ ಕಾಡುವುದು ಬೇರೆ ಒಂದು ಫೋಟೋ. ಮೊದಲ ಕಂತಿನಲ್ಲೇ ಮ್ಯಾನೇಜರ್ 14ನೇ ನಂಬರಿನ ಮರವನ್ನು "ಇದು ಚೆನ್ನಾಗಿದೆ, ಹಾಲು ಜಾಸ್ತಿ" ಅಂತ ಬರೆದು, ಹೋಲಿಸಲಿಕ್ಕೆ ಅಂತ ಕಳಿಸಿದ್ದರು. ಅದರಲ್ಲಿ ಹಾಲು ಕಾಲುವೆ ಬಿಟ್ಟು ತೊಗಟೆಯ ಮೇಲೆ ಬಿಳಿ ಧಾರೆಯಾಗಿ ಇಳಿದಿತ್ತು. ಕಪ್ ತುಂಬಿ ಚೆಲ್ಲಿ, ಬುಡದ ಮಣ್ಣಿನಲ್ಲೂ ಬಿಳಿ ಚುಕ್ಕೆಗಳು. ಅದೂ ಮಧ್ಯಾಹ್ನದ ಫೋಟೋ. ಉಳಿದ ಮರ ನಿಂತ ಎಷ್ಟೋ ಹೊತ್ತಿನ ಮೇಲೂ ಇದು ತೊಟ್ಟಿಕ್ಕುತ್ತಲೇ ಇತ್ತು. ನಿಲ್ಲದೆ ತೊಟ್ಟಿಕ್ಕುವ ನೀರು ಹಾಲು ಎಷ್ಟೋ ಸಲ ಒಣಗುವುದಕ್ಕೆ ಮುಂಚಿನ ಲಕ್ಷಣ. ಆ ದಿನ ಅದನ್ನು ಗುರುತಿಸಿ ಕೊಯ್ಯುವುದು ನಿಲ್ಲಿಸಿ ಅಂದಿದ್ದರೆ ಆ ಮರಕ್ಕೆ ಎರಡು ವಾರ ಮುಂಚೆಯೇ ಬಿಡುವು ಸಿಗುತ್ತಿತ್ತು. ಎರಡನೇ ಕಂತಿನಲ್ಲಿ ಅದೇ ಮರ ಗೆರೆ ತುಂಡಾದ 9ರಲ್ಲಿ ಒಂದಾಗಿತ್ತು. ಬುಡದ ಸುತ್ತಳತೆ 70 ಸೆಂಟಿಮೀಟರ್, ಅರ್ಧ ಸುತ್ತು ಓರೆಯಾಗಿ ಕೊಯ್ದ ಗೆರೆ 40 ಸೆಂಟಿಮೀಟರ್, ಅದರಲ್ಲಿ ಒಣಗಿದ್ದು ಒಟ್ಟು 16. ಅಂದರೆ ನೂರಕ್ಕೆ 40 ಭಾಗ.

ಫೋಟೋ ಇಲ್ಲಿಗೆ ನಿಲ್ಲುತ್ತದೆ. ತೊಗಟೆಯ ಒಳಗೆ ಏನಾಗಿದೆ ಅಂತ ಅದು ಹೇಳುವುದಿಲ್ಲ. ಹಾಗಾಗಿ ನಾನೇ ಹೋದೆ. ದಬ್ಬಣ ಹಿಡಿದು, ಒಣಗಿದ ಭಾಗದ ಕೆಳಗೆ ಐದೈದು ಸೆಂಟಿಮೀಟರಿಗೆ ಒಂದರಂತೆ, ತೊಗಟೆಯ ಒಳಗಿನ ಕಟ್ಟಿಗೆಗೆ ತಾಗದ ಹಾಗೆ ಮೆಲ್ಲಗೆ ಚುಚ್ಚುತ್ತಾ ಇಳಿದೆವು. 14ನೇ ಮರದಲ್ಲಿ ಎರಡನೇ ಚುಚ್ಚಿಗೇ ಹಾಲಿನ ಹನಿ ಬಂತು, ತೊಗಟೆ ಕೆರೆದರೆ ಒಳಗಿನ ಬಣ್ಣ ತಿಳಿಯಾಗಿಯೇ ಇತ್ತು. ಪೂರ್ತಿ ಒಣಗಿದ್ದ ಎರಡು ಮರದಲ್ಲಿ ಮಾತ್ರ ಬುಡದವರೆಗೂ ಚುಚ್ಚಿದರೂ ಹನಿ ಬರಲಿಲ್ಲ, ಒಳ ತೊಗಟೆ ಕಂದು ತಿರುಗಿತ್ತು. ಇದನ್ನೇ ಬ್ರೌನ್ ಬಾಸ್ಟ್ ಅನ್ನುತ್ತಾರೆ. ಇಂಥ ಮರದಲ್ಲಿ ಮುಂದೆ ತೊಗಟೆ ಬಿರುಕು ಬಿಟ್ಟು ಗಂಟು ಗಂಟಾಗುವುದೂ ಉಂಟು. ಹಾಲು ವಾಪಸ್ ಬರುತ್ತದೆ ಅಂತ ಅಂಥ ಮರಕ್ಕೆ ನಾನು ಭರವಸೆ ಕೊಡುವುದಿಲ್ಲ. ಮಳೆಗಾಲದಲ್ಲಿ ಆಗಿದ್ದರೆ ಇನ್ನೊಂದನ್ನೂ ನೋಡಬೇಕಿತ್ತು. ಕೊಯ್ದ ಗೆರೆಯ ಮೇಲೆ ನೆಟ್ಟಗೆ ಕಪ್ಪು ಗೀರುಗಳು ಕಂಡರೆ ಅದು ಪ್ಯಾನೆಲ್‌ಗೆ ಹತ್ತುವ ಶಿಲೀಂಧ್ರ ರೋಗ, ಅದಕ್ಕೆ ಔಷಧಿ ಇದೆ. ಬ್ರೌನ್ ಬಾಸ್ಟ್‌ಗೆ ಹೊಡೆಯುವ ಔಷಧಿ ಇಲ್ಲ.

ಮಾಡಿದ್ದು ಇಷ್ಟೇ. ಗಂಧಕ ನಿಲ್ಲಿಸಿದೆವು. ಹೊಸ ಎಲೆ ಗಟ್ಟಿಯಾಗುವವರೆಗೆ ಇಡೀ ಬ್ಲಾಕಿಗೆ ರಜೆ. ಗೆರೆ ತುಂಡಾದ ಮರಗಳಿಗೆ ಕೆಂಪು ಬಣ್ಣದ ಪಟ್ಟಿ ಹಚ್ಚಿ, ಅವಕ್ಕೆ ಆರು ತಿಂಗಳು ಬಿಡುವು. ಹಾಲು ಹೆಚ್ಚಿಸಲು ಹಚ್ಚುವ ಎಥೆಫಾನ್ ಬೇಡವೇ ಬೇಡ ಅಂದೆ, ಯಾಕೆಂದರೆ ಹಾಲು ಕಮ್ಮಿಯಾದಾಗ ಎಲ್ಲರ ಕೈ ಮೊದಲು ಹೋಗುವುದು ಅದರ ಕಡೆಗೇ. ಆಮೇಲೆ ಮೂರು ದಿನಕ್ಕೊಮ್ಮೆ.

ಈಗ ಆ ತೋಟದಿಂದ ತಿಂಗಳಿಗೊಮ್ಮೆ ಫೋಟೋ ಬರುತ್ತದೆ. ನಾಲ್ಕು ಮರದ ನಡುವೆ ನೆಲಕ್ಕೆ ಬಡಿದ ಒಂದು ಗೂಟದ ಹತ್ತಿರ ನಿಂತು, ಬೆಳಗ್ಗೆ, ಬೆರಳನ್ನು ಪರದೆಯಲ್ಲಿ ಆಕಾಶದ ಮೇಲಲ್ಲ, ಎಲೆಯ ಮೇಲೆ ಒತ್ತಿ ತೆಗೆದ ತಲೆಯ ಫೋಟೋ. ಜೊತೆಗೆ ಕೊಯ್ದ ತಕ್ಷಣದ ಗೆರೆ, ಗೀಟು, ಸ್ಕೇಲ್. ಕೆಂಪು ಪಟ್ಟಿಯ 9 ಮರದಲ್ಲಿ 5 ಮತ್ತೆ ಪೂರ್ತಿ ಹಾಲು ಕೊಟ್ಟವು. ಉಳಿದವುಗಳಲ್ಲಿ ಅರ್ಧ ಗೆರೆ ಮಾತ್ರ. ಆ ಎರಡು ಕಂದು ಮರ ಹಾಗೇ ಇವೆ, ಕೊಯ್ಯುವುದು ಬಿಟ್ಟಿದ್ದಾರೆ. 14ನೇ ಮರದ್ದು ಹೋದ ತಿಂಗಳು ಬಂತು. ಗೀಟುಗಳ ನಡುವೆ 17 ಮಿಲಿಮೀಟರ್, ಗೆರೆ ಮೇಲಿಂದ ಕೆಳಗಿನವರೆಗೆ ಬಿಳಿ, ತೊಗಟೆಯ ಮೇಲೆ ಒಂದು ಧಾರೆಯೂ ಇಳಿದಿಲ್ಲ.